ಮೂರು ದಿನ ಸಾಕಾ, ನಾಲ್ಕು ಬೇಕಾ? ಮರುಪರೀಕ್ಷೆಯ ಪಟ್ಟಿ ಮತ್ತು ಬ್ರೂಕ್ಸ್ ಪ್ರಮೇಯ

ಜುಲೈ ತಿಂಗಳಲ್ಲಿ ನಮ್ಮ ಉಡುಪಿ ಕಡೆ ಪರೀಕ್ಷೆಯ ಪಟ್ಟಿ ಹಾಕುವುದು ಅಂದ್ರೆ ಮಳೆಯ ಜೊತೆ ಮಾತಾಡಿಕೊಂಡ ಹಾಗೆ. ರೆಡ್ ಅಲರ್ಟ್ ಬಂತು ಅಂದ್ರೆ ರಾತ್ರಿ ಮಲಗುವ ಹೊತ್ತಿಗೆ ಡಿಸಿ ಆದೇಶ ವಾಟ್ಸ್ಯಾಪಿಗೆ ಬರುತ್ತದೆ, ಮರುದಿನ ರಜೆ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ಒಂದು ವರ್ಷ ಕಿರುಪರೀಕ್ಷೆಯ ವಾರದಲ್ಲೇ ಮಳೆ ಜೋರಾಯಿತು. ಪರೀಕ್ಷೆ ನಡೆದ ದಿನಗಳಲ್ಲೂ ದೂರದ ಕೆಲವು ಮಕ್ಕಳಿಗೆ ಬರಲಿಕ್ಕೆ ಆಗಲಿಲ್ಲ. ಅವರಿಗೆ ಮರುಪರೀಕ್ಷೆ ಮಾಡಬೇಕಿತ್ತು. ಎಂಟು ವಿಷಯ, ದಿನಕ್ಕೆ ಒಂದೇ ಹೊತ್ತು. ಬೇರೆ ಬೇರೆ ವಿಷಯಗಳನ್ನು ಒಂದೇ ಹೊತ್ತಿಗೆ ಇಡಬಹುದು, ಆದರೆ ಎರಡೂ ವಿಷಯ ಬರೆಯಬೇಕಾದ ಒಂದು ಮಗು ಇದ್ದರೂ ಆ ಎರಡನ್ನು ಬೇರೆ ದಿನಕ್ಕೆ ಹಾಕಬೇಕು.

ಪಟ್ಟಿ ಬರೆದು ಆಫೀಸಿಗೆ ಕೊಟ್ಟೆ. ನಾಲ್ಕು ದಿನ ಬಂದಿತ್ತು. ಆಫೀಸಿನವರು ನೋಡಿ, "ಸರ್, ಮೂರು ದಿನದಲ್ಲಿ ಮುಗಿಸ್ಲಿಕ್ಕೆ ಆಗುದಿಲ್ವಾ? ಗುರುವಾರ ಮತ್ತೆ ರಜೆ ಕೊಟ್ರೆ ಎಂತ ಮಾಡುದು?" ಅಂದರು. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಮೇಯ ಒಂದು ಇದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಚಿತ್ರ. ಪ್ರತಿ ವಿಷಯಕ್ಕೆ ಒಂದು ಚುಕ್ಕಿ ಹಾಕಿ. ಎರಡು ವಿಷಯಕ್ಕೆ ಒಂದೇ ಮಗು ಇದ್ದರೆ ಆ ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯಿರಿ. ಇದೇ ಗ್ರಾಫ್. ದಿನಗಳನ್ನು ಬಣ್ಣ ಅಂದುಕೊಳ್ಳಿ. ಗೆರೆಯಿಂದ ಕೂಡಿದ ಎರಡು ಚುಕ್ಕಿಗಳಿಗೆ ಒಂದೇ ಬಣ್ಣ ಬರಬಾರದು. ಹೀಗೆ ಬಣ್ಣ ಹಚ್ಚಲು ಕನಿಷ್ಠ ಎಷ್ಟು ಬಣ್ಣ ಬೇಕೋ ಅದು ಆ ಗ್ರಾಫಿನ ವರ್ಣಸಂಖ್ಯೆ, χ ಅಂತ ಬರೆಯುತ್ತಾರೆ. ಒಂದು ಚುಕ್ಕಿಗೆ ತಾಗಿದ ಗೆರೆಗಳ ಎಣಿಕೆ ಅದರ ಡಿಗ್ರಿ. ಇಡೀ ಗ್ರಾಫಿನಲ್ಲಿ ಅತಿ ದೊಡ್ಡ ಡಿಗ್ರಿ ಎಷ್ಟೋ ಅದು Δ.

ನಮ್ಮ ಎಂಟು ವಿಷಯಗಳನ್ನು ಒಂದು ವೃತ್ತದಲ್ಲಿ ಕೂರಿಸಿ: ಗಣಿತ, ಕನ್ನಡ, ಇತಿಹಾಸ, ಹಿಂದಿ, ಭೌತಶಾಸ್ತ್ರ, ಕಂಪ್ಯೂಟರ್, ಅರ್ಥಶಾಸ್ತ್ರ, ಇಂಗ್ಲಿಷ್. ಇಂಗ್ಲಿಷ್ ಆದ ಮೇಲೆ ಮತ್ತೆ ಗಣಿತ. ವೃತ್ತದಲ್ಲಿ ಪಕ್ಕಪಕ್ಕ ಇರುವ ವಿಷಯಗಳ ನಡುವೆ ಗೆರೆ ಇದೆ. ಎದುರುಬದುರು ಇರುವವುಗಳ ನಡುವೆಯೂ ಇದೆ: ಗಣಿತಕ್ಕೂ ಭೌತಶಾಸ್ತ್ರಕ್ಕೂ, ಕನ್ನಡಕ್ಕೂ ಕಂಪ್ಯೂಟರಿಗೂ, ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ, ಹಿಂದಿಗೂ ಇಂಗ್ಲಿಷಿಗೂ. ಒಟ್ಟು ಹನ್ನೆರಡು ಗೆರೆ. ಪ್ರತಿ ವಿಷಯಕ್ಕೂ ಸರಿಯಾಗಿ ಮೂರು ಗೆರೆ, ಹಾಗಾಗಿ Δ = 3. ಓದುತ್ತಾ ಒಂದು ಕಾಗದದ ಮೇಲೆ ಇದನ್ನು ಬರೆದುಕೊಂಡರೆ ಮುಂದಿನದ್ದು ಸಲೀಸು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ವಿಷಯಗಳನ್ನು ಒಂದೊಂದಾಗಿ ತೆಗೆದುಕೊಂಡು, ತಾಗದೆ ಇರುವ ಮೊದಲ ದಿನಕ್ಕೆ ಹಾಕುತ್ತಾ ಹೋದೆ. ಭಾಷೆಗಳು ಮೊದಲು, ಆಮೇಲೆ ವಿಜ್ಞಾನ, ಕೊನೆಗೆ ಕಲಾ ವಿಷಯ. ಕನ್ನಡ ಸೋಮವಾರ. ಹಿಂದಿಗೂ ಕನ್ನಡಕ್ಕೂ ಗೆರೆ ಇಲ್ಲ, ಅದೂ ಸೋಮವಾರ. ಇಂಗ್ಲಿಷಿಗೆ ಹಿಂದಿ ತಾಗುತ್ತದೆ, ಮಂಗಳವಾರ. ಕಂಪ್ಯೂಟರಿಗೆ ಕನ್ನಡ ತಾಗುತ್ತದೆ, ಮಂಗಳವಾರ. ಭೌತಶಾಸ್ತ್ರಕ್ಕೆ ಸೋಮವಾರದ ಹಿಂದಿಯೂ ತಾಗುತ್ತದೆ, ಮಂಗಳವಾರದ ಕಂಪ್ಯೂಟರೂ ತಾಗುತ್ತದೆ, ಬುಧವಾರಕ್ಕೆ ಹೋಯಿತು. ಇನ್ನು ಗಣಿತ. ಅದರ ಮೂರು ನೆರೆಯವರು ಕನ್ನಡ, ಇಂಗ್ಲಿಷ್, ಭೌತಶಾಸ್ತ್ರ. ಮೂವರೂ ಮೂರು ಬೇರೆ ದಿನಗಳಲ್ಲಿ ಕೂತಿದ್ದಾರೆ. ಗಣಿತಕ್ಕೆ ಜಾಗ ಇಲ್ಲ, ಗುರುವಾರಕ್ಕೆ ದೂಡಬೇಕಾಯಿತು. ಇತಿಹಾಸ ಮಂಗಳವಾರಕ್ಕೆ, ಅರ್ಥಶಾಸ್ತ್ರ ಸೋಮವಾರಕ್ಕೆ ಸಲೀಸಾಗಿ ಸೇರಿದವು. ಒಂದೇ ಒಂದು ವಿಷಯಕ್ಕಾಗಿ ನಾಲ್ಕನೇ ದಿನ!

ಈ ರೀತಿಯಲ್ಲಿ ನಾಲ್ಕು ದಿನ ದಾಟುವುದು ಸಾಧ್ಯವೇ ಇಲ್ಲ ಅನ್ನುವುದನ್ನು ಗಮನಿಸಿ. ಯಾವ ವಿಷಯ ತೆಗೆದುಕೊಂಡರೂ ಅದಕ್ಕೆ ಹೆಚ್ಚೆಂದರೆ ಮೂರು ನೆರೆ. ಅವು ಹೆಚ್ಚೆಂದರೆ ಮೂರು ದಿನ ಹಿಡಿಯುತ್ತವೆ. ನಾಲ್ಕು ದಿನ ಕೈಯಲ್ಲಿದ್ದರೆ ಒಂದಾದರೂ ಉಳಿದೇ ಉಳಿಯುತ್ತದೆ. ಇದೇ ಮಾತನ್ನು ಯಾವ ಗ್ರಾಫಿಗೂ ಹೇಳಬಹುದು:

χ ≤ Δ + 1

ಇದಕ್ಕೆ ದೊಡ್ಡ ತಲೆ ಏನೂ ಬೇಡ. ನಿಜವಾದ ಪ್ರಶ್ನೆ ಆ "+ 1" ಬಗ್ಗೆ. ಅದನ್ನು ಯಾವಾಗ ತೆಗೆದುಹಾಕಬಹುದು?

1941ರಲ್ಲಿ ಲಿಯೊನಾರ್ಡ್ ಬ್ರೂಕ್ಸ್ ಇದಕ್ಕೆ ಪೂರ್ತಿ ಉತ್ತರ ಕೊಟ್ಟರು. ಕೇಂಬ್ರಿಜ್‌ನಲ್ಲಿ ಓದುವಾಗ ಟಟ್, ಸ್ಮಿತ್, ಸ್ಟೋನ್ ಅನ್ನುವ ಮೂವರು ಗೆಳೆಯರ ಜೊತೆ ಸೇರಿ, ಒಂದು ಚೌಕವನ್ನು ಒಂದಕ್ಕೊಂದು ಸಮವಲ್ಲದ ಚಿಕ್ಕ ಚೌಕಗಳಾಗಿ ಕತ್ತರಿಸುವ ಸಮಸ್ಯೆಯ ಹಿಂದೆ ಬಿದ್ದಿದ್ದವರು ಇವರೇ. ಬಣ್ಣದ ಬಗ್ಗೆ ಅವರು ಸಾಧಿಸಿದ್ದು ಇಷ್ಟು: ಒಂದೇ ತುಂಡಾಗಿರುವ ಗ್ರಾಫಿಗೆ Δ ಬಣ್ಣಗಳೇ ಸಾಕು, ಎರಡು ಜಾತಿಯ ಗ್ರಾಫ್‌ಗಳನ್ನು ಬಿಟ್ಟು. ಒಂದು ಪೂರ್ಣ ಗ್ರಾಫ್, ಅಂದರೆ ಪ್ರತಿ ಚುಕ್ಕಿಯಿಂದ ಉಳಿದ ಪ್ರತಿ ಚುಕ್ಕಿಗೂ ಗೆರೆ ಇರುವಂಥದ್ದು. ಇನ್ನೊಂದು ಬೆಸ ಚಕ್ರ, ಅಂದರೆ ಬೆಸಸಂಖ್ಯೆಯ ಚುಕ್ಕಿಗಳು ಒಂದು ಸುತ್ತಾಗಿ ಕೂಡಿಕೊಂಡಿರುವಂಥದ್ದು. ಈ ಎರಡಕ್ಕೆ ಮಾತ್ರ Δ ಸಾಲದು, Δ + 1 ಬೇಕೇ ಬೇಕು.

ಈ ಎರಡು ಯಾಕೆ ಹೊರಗೆ ನಿಂತಿವೆ ಅಂತ ನೋಡುವುದು ಸುಲಭ. ನಾಲ್ಕು ವಿಷಯಗಳಲ್ಲಿ ಪ್ರತಿ ಜೋಡಿಗೂ ಗೆರೆ ಇದ್ದರೆ ಪ್ರತಿಯೊಂದರ ಡಿಗ್ರಿ 3, ಆದರೆ ಯಾವ ಎರಡೂ ಒಂದೇ ದಿನ ಕೂರುವುದಿಲ್ಲ, ನಾಲ್ಕು ದಿನ ಬೇಕು. ಬೆಸ ಚಕ್ರಕ್ಕೆ ದೀಪಾವಳಿಯ ಗೂಡುದೀಪ ನೆನಪು ಮಾಡಿಕೊಳ್ಳಿ. ಬಾವಿಕಟ್ಟೆಯ ಸುತ್ತ ಏಳು ಗೂಡುದೀಪ ತೂಗುಹಾಕಿದ್ದೀರಿ, ಪಕ್ಕದ್ದು ಒಂದೇ ಬಣ್ಣ ಆಗಬಾರದು. ಪ್ರತಿಯೊಂದಕ್ಕೂ ಎರಡೇ ನೆರೆ. ಕೆಂಪು, ಹಳದಿ, ಕೆಂಪು, ಹಳದಿ ಅಂತ ಹೋದರೆ ಏಳನೆಯದ್ದು ಕೆಂಪಾಗುತ್ತದೆ, ಪಕ್ಕದ ಮೊದಲನೆಯದ್ದೂ ಕೆಂಪು. ಎಂಟು ದೀಪ ಇದ್ದರೆ ಎರಡು ಬಣ್ಣದಲ್ಲಿ ಸುತ್ತು ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಏಳಕ್ಕೆ ಹಸಿರು ಒಂದು ತರಲೇಬೇಕು.

ಆದರೆ ಈ ಎರಡು ಬಿಟ್ಟರೆ ಮೂರನೆಯದ್ದು ಇಲ್ಲವೇ ಇಲ್ಲ ಅನ್ನುವುದು ಹೇಗೆ? ನನಗೆ ಈ ಪ್ರಮೇಯ ಇಷ್ಟವಾಗುವುದು ಇಲ್ಲೇ. 1975ರಲ್ಲಿ ಲಾಸ್ಲೊ ಲೊವಾಸ್ ಒಂದು ಚಿಕ್ಕ ಸಾಧನೆ ಕೊಟ್ಟರು. ಅದು ಬರೀ ಸಾಧನೆಯಲ್ಲ, ಪಟ್ಟಿ ಹಾಕುವ ವಿಧಾನವೂ ಹೌದು. ಅದರಲ್ಲಿ ಒಂದು ಕೈಚಳಕ ಇದೆ, ಆ ಕೈಚಳಕ ನಡೆಯದ ಜಾಗ ಯಾವುದು ಅಂತ ಹುಡುಕಿದರೆ ಈ ಎರಡು ಗ್ರಾಫ್‌ಗಳೇ ಸಿಗುತ್ತವೆ.

ಮೊದಲ ಹೆಜ್ಜೆ ವಿಷಯಗಳನ್ನು ತೆಗೆದುಕೊಳ್ಳುವ ಕ್ರಮದ್ದು. ನಮ್ಮಲ್ಲಿ ಮಳೆನೀರು ಗದ್ದೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹರಿಯುತ್ತದೆ ಅಲ್ವಾ? ಹಾಗೆಯೇ ಒಂದು ಚುಕ್ಕಿಯನ್ನು ಕಡಲು ಅಂತ ಇಟ್ಟುಕೊಳ್ಳಿ. ಅದರಿಂದ ಅತಿ ದೂರದ ಚುಕ್ಕಿಗಳಿಗೆ ಮೊದಲು ಬಣ್ಣ ಹಚ್ಚಿ, ಹತ್ತಿರ ಹತ್ತಿರ ಬನ್ನಿ, ಕಡಲಿಗೆ ಕೊನೆಗೆ ಹಚ್ಚಿ. ಈ ಕ್ರಮದಲ್ಲಿ ಕಡಲೊಂದನ್ನು ಬಿಟ್ಟು ಪ್ರತಿ ಚುಕ್ಕಿಗೂ ತನ್ನ ಕೆಳಗೆ, ಕಡಲಿನ ಕಡೆಗೆ, ಇನ್ನೂ ಬಣ್ಣ ಬರದ ಒಂದು ನೆರೆ ಇದ್ದೇ ಇರುತ್ತದೆ. ಅಂದರೆ ಅದರ ಸರದಿ ಬಂದಾಗ ಬಣ್ಣ ಬಂದ ನೆರೆಗಳು ಹೆಚ್ಚೆಂದರೆ Δ − 1. Δ ಬಣ್ಣಗಳಲ್ಲಿ ಒಂದು ಖಂಡಿತ ಉಳಿದಿರುತ್ತದೆ. ತೊಂದರೆ ಬರುವುದಿದ್ದರೆ ಕಡಲಿನ ಚುಕ್ಕಿಗೆ ಮಾತ್ರ.

ಗ್ರಾಫಿನಲ್ಲಿ ಎಲ್ಲಾದರೂ ಡಿಗ್ರಿ Δಗಿಂತ ಕಡಿಮೆ ಇರುವ ಚುಕ್ಕಿ ಸಿಕ್ಕಿದರೆ ಕೆಲಸ ಅಲ್ಲಿಗೇ ಮುಗಿಯಿತು. ಅದನ್ನೇ ಕಡಲು ಮಾಡಿ. ಅದಕ್ಕೆ ನೆರೆಗಳೇ ಕಡಿಮೆ, ಕೊನೆಯಲ್ಲೂ ಒಂದು ಬಣ್ಣ ಉಳಿದಿರುತ್ತದೆ. ನಮ್ಮ ಪಟ್ಟಿಯಲ್ಲಿ ಆ ಅನುಕೂಲ ಇಲ್ಲ, ಎಲ್ಲರ ಡಿಗ್ರಿಯೂ 3.

ಆಗ ಬರುತ್ತದೆ ಕೈಚಳಕ. ಕಡಲಿನ ಚುಕ್ಕಿಯ ಎರಡು ನೆರೆಗಳನ್ನು ಮೊದಲೇ ಆರಿಸಿ, ಎರಡಕ್ಕೂ ಒಂದೇ ಬಣ್ಣ ಕೊಟ್ಟುಬಿಡುವುದು. ಹಾಗೆ ಮಾಡಿದರೆ ಕೊನೆಯಲ್ಲಿ ಕಡಲಿನ ಸುತ್ತ Δ ನೆರೆಗಳಿದ್ದರೂ ಅವು ಹೆಚ್ಚೆಂದರೆ Δ − 1 ಬಣ್ಣ ಹಿಡಿದಿರುತ್ತವೆ. ಒಂದು ಉಳಿಯುತ್ತದೆ. ಇದಕ್ಕೆ ಎರಡು ಷರತ್ತು. ಆ ಎರಡು ನೆರೆಗಳ ನಡುವೆ ಗೆರೆ ಇರಬಾರದು, ಇಲ್ಲದಿದ್ದರೆ ಒಂದೇ ಬಣ್ಣ ಕೊಡಲಾಗದು. ಇನ್ನೊಂದು, ಆ ಎರಡನ್ನು ತೆಗೆದಿಟ್ಟ ಮೇಲೆ ಉಳಿದ ಗ್ರಾಫ್ ಒಂದೇ ತುಂಡಾಗಿ ಉಳಿಯಬೇಕು, ಇಲ್ಲದಿದ್ದರೆ ನೀರು ಕಡಲಿಗೆ ಹರಿಯುವ ದಾರಿ ಕಡಿದುಹೋಗುತ್ತದೆ.

ನಮ್ಮ ಪಟ್ಟಿಯಲ್ಲಿ ಮಾಡಿ ನೋಡೋಣ. ತಂಟೆ ಮಾಡಿದ ಗಣಿತವನ್ನೇ ಕಡಲು ಮಾಡಿದೆ. ಅದರ ನೆರೆಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡುವೆ ಗೆರೆ ಇಲ್ಲ. ಎರಡನ್ನೂ ಬದಿಗಿಟ್ಟರೆ ಉಳಿದ ಆರು ವಿಷಯ ಒಂದೇ ತುಂಡು: ಗಣಿತದಿಂದ ಭೌತಶಾಸ್ತ್ರ, ಅಲ್ಲಿಂದ ಹಿಂದಿ ಮತ್ತು ಕಂಪ್ಯೂಟರ್, ಹಿಂದಿಯಿಂದ ಇತಿಹಾಸ, ಕಂಪ್ಯೂಟರಿನಿಂದ ಅರ್ಥಶಾಸ್ತ್ರ. ಷರತ್ತು ಎರಡೂ ಸರಿ.

ಕನ್ನಡ, ಇಂಗ್ಲಿಷ್ ಎರಡೂ ಸೋಮವಾರ. ಈಗ ದೂರದಿಂದ ಹತ್ತಿರಕ್ಕೆ. ಅತಿ ದೂರದಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರ. ಇತಿಹಾಸಕ್ಕೆ ಸೋಮವಾರದ ಕನ್ನಡ ತಾಗುತ್ತದೆ, ಮಂಗಳವಾರ. ಅರ್ಥಶಾಸ್ತ್ರಕ್ಕೆ ಸೋಮವಾರದ ಇಂಗ್ಲಿಷ್, ಮಂಗಳವಾರದ ಇತಿಹಾಸ ತಾಗುತ್ತವೆ, ಬುಧವಾರ. ಹಿಂದಿಗೆ ಇಂಗ್ಲಿಷೂ ಇತಿಹಾಸವೂ ತಾಗುತ್ತವೆ, ಬುಧವಾರ. ಕಂಪ್ಯೂಟರಿಗೆ ಸೋಮವಾರದ ಕನ್ನಡ, ಬುಧವಾರದ ಅರ್ಥಶಾಸ್ತ್ರ ತಾಗುತ್ತವೆ, ಮಂಗಳವಾರ. ಭೌತಶಾಸ್ತ್ರಕ್ಕೆ ಬುಧವಾರದ ಹಿಂದಿ, ಮಂಗಳವಾರದ ಕಂಪ್ಯೂಟರ್ ತಾಗುತ್ತವೆ, ಸೋಮವಾರ ಖಾಲಿ ಇದೆ. ಕೊನೆಗೆ ಗಣಿತ. ಕನ್ನಡ ಸೋಮವಾರ, ಇಂಗ್ಲಿಷ್ ಸೋಮವಾರ, ಭೌತಶಾಸ್ತ್ರವೂ ಸೋಮವಾರ. ಮಂಗಳವಾರಕ್ಕೆ ಆರಾಮಾಗಿ ಕೂತಿತು.

ಸೋಮವಾರ ಕನ್ನಡ, ಇಂಗ್ಲಿಷ್, ಭೌತಶಾಸ್ತ್ರ. ಮಂಗಳವಾರ ಇತಿಹಾಸ, ಕಂಪ್ಯೂಟರ್, ಗಣಿತ. ಬುಧವಾರ ಹಿಂದಿ, ಅರ್ಥಶಾಸ್ತ್ರ. ಹನ್ನೆರಡು ಗೆರೆಗಳನ್ನೂ ಒಂದೊಂದಾಗಿ ಪೆನ್ಸಿಲಿನಲ್ಲಿ ಟಿಕ್ ಮಾಡುತ್ತಾ ನೋಡಿದೆ, ಎಲ್ಲೂ ತಾಗಲಿಲ್ಲ. ಇದನ್ನು ಎರಡು ದಿನಕ್ಕೆ ಇಳಿಸಬಹುದಾ ಅಂತ ಕೇಳಿದರೆ, ಆಗುವುದಿಲ್ಲ. ಗಣಿತ, ಕನ್ನಡ, ಇತಿಹಾಸ, ಹಿಂದಿ, ಭೌತಶಾಸ್ತ್ರ, ಮತ್ತೆ ಗಣಿತ: ಐದು ವಿಷಯಗಳ ಒಂದು ಸುತ್ತು ಒಳಗೇ ಅಡಗಿದೆ. ಏಳು ಗೂಡುದೀಪದ ಕಥೆಯೇ ಇಲ್ಲಿ ಐದಕ್ಕೆ.

ಈಗ ಕೈಚಳಕ ಎಲ್ಲಿ ಸೋಲುತ್ತದೆ ನೋಡಿ. ಪೂರ್ಣ ಗ್ರಾಫಿನಲ್ಲಿ ಯಾವ ಚುಕ್ಕಿಯನ್ನು ಕಡಲು ಮಾಡಿದರೂ ಅದರ ನೆರೆಗಳೆಲ್ಲ ತಮ್ಮ ತಮ್ಮೊಳಗೆ ಗೆರೆಯಿಂದ ಕೂಡಿಕೊಂಡಿರುತ್ತವೆ. ಒಂದೇ ಬಣ್ಣ ಕೊಡಬಹುದಾದ ಜೋಡಿಯೇ ಸಿಗುವುದಿಲ್ಲ. ಮೊದಲ ಷರತ್ತು ಬಿತ್ತು. ಚಕ್ರದಲ್ಲಿ ಕಡಲಿಗೆ ಇರುವುದೇ ಎರಡು ನೆರೆ. ಒಂದೇ ಬಣ್ಣ ಕೊಡಲು ಅವೆರಡನ್ನೂ ತೆಗೆದರೆ ಕಡಲು ಒಂಟಿಯಾಗಿ ಬಿಡುತ್ತದೆ, ನೀರು ಬರುವ ದಾರಿಯೇ ಇಲ್ಲ. ಎರಡನೇ ಷರತ್ತು ಬಿತ್ತು. ಸಮ ಚಕ್ರಕ್ಕೆ ಈ ಕೈಚಳಕ ಬೇಕಾಗಿಯೇ ಇಲ್ಲ, ಸುಮ್ನೆ ಒಂದು ಬಿಟ್ಟು ಒಂದು ಹಚ್ಚಿದರೆ ಮುಗಿಯಿತು. ಉಳಿದದ್ದು ಬೆಸ ಚಕ್ರ.

ಬೇರೆ ಎಲ್ಲ ಕಡೆ ಷರತ್ತು ಎರಡನ್ನೂ ಪಾಲಿಸುವ ಜೋಡಿ ಸಿಕ್ಕೇ ಸಿಗುತ್ತದಾ? ಸಿಗುತ್ತದೆ, ಆದರೆ ಸ್ವಲ್ಪ ಹುಡುಕಬೇಕು. Δ ಮೂರು ಅಥವಾ ಜಾಸ್ತಿ, ಎಲ್ಲರ ಡಿಗ್ರಿಯೂ ಸಮ, ಗ್ರಾಫ್ ಪೂರ್ಣವಲ್ಲ ಅಂತ ಇಟ್ಟುಕೊಳ್ಳಿ. ಗ್ರಾಫಿನ ಎರಡು ಭಾಗಗಳು ಒಂದೇ ಒಂದು ಚುಕ್ಕಿಯಲ್ಲಿ ಸೇರಿಕೊಂಡಿವೆ ಅಂದುಕೊಳ್ಳಿ, ತೋಡಿಗೆ ಅಡ್ಡ ಹಾಕಿದ ಒಂಟಿ ಸಂಕದ ಹಾಗೆ. ಆಗ ಎರಡು ಭಾಗಗಳಿಗೂ ಬೇರೆ ಬೇರೆಯಾಗಿ ಬಣ್ಣ ಹಚ್ಚಬಹುದು. ಸಂಕದ ಚುಕ್ಕಿಯ ಗೆರೆಗಳು ಎರಡೂ ಕಡೆಗೆ ಹಂಚಿಹೋಗಿವೆ, ಹಾಗಾಗಿ ಒಂದೊಂದು ಭಾಗದ ಒಳಗೆ ಅದರ ಡಿಗ್ರಿ Δಗಿಂತ ಕಡಿಮೆ. ಅದನ್ನೇ ಕಡಲು ಮಾಡಿದರೆ ಎರಡೂ ಕಡೆ Δ ಬಣ್ಣ ಸಾಕು. ಒಂದು ಕಡೆ ಆ ಚುಕ್ಕಿಗೆ ಸೋಮವಾರ, ಇನ್ನೊಂದು ಕಡೆ ಮಂಗಳವಾರ ಬಂದರೂ ಗಾಬರಿ ಬೇಡ. ಒಂದು ಭಾಗದಲ್ಲಿ ಸೋಮವಾರ, ಮಂಗಳವಾರ ಅನ್ನುವ ಹೆಸರುಗಳನ್ನು ಪೂರ್ತಿ ಅದಲು ಬದಲು ಮಾಡಿದರೆ ಆಯಿತು.

ಒಂಟಿ ಸಂಕ ಇಲ್ಲ, ಆದರೆ ಎರಡು ಚುಕ್ಕಿ ತೆಗೆದರೆ ಗ್ರಾಫ್ ಒಡೆಯುತ್ತದೆ ಅಂತಾದರೆ ಅದು ನಾಜೂಕಿನ ಜಾಗ. ಆಗ ಆ ಎರಡರಲ್ಲಿ ಒಂದನ್ನು ಕಡಲು ಮಾಡಿ. ಅದನ್ನು ಕ್ಷಣಕಾಲ ತೆಗೆದು ನೋಡಿದರೆ ಉಳಿದ ಗ್ರಾಫಿನಲ್ಲಿ ಒಂಟಿ ಸಂಕಗಳು ಕಾಣುತ್ತವೆ, ಸಂಕಗಳ ಆಚೆ ಕೊನೆಯ ತುಂಡುಗಳು ಕನಿಷ್ಠ ಎರಡು. ಇಡೀ ಗ್ರಾಫಿನಲ್ಲಿ ಒಂಟಿ ಸಂಕ ಇರಲಿಲ್ಲವಾದ್ದರಿಂದ ಪ್ರತಿ ಕೊನೆಯ ತುಂಡಿನಲ್ಲೂ, ಸಂಕದ ಚುಕ್ಕಿಯನ್ನು ಬಿಟ್ಟು, ಕಡಲಿನ ಒಂದು ನೆರೆ ಇರಲೇಬೇಕು. ಎರಡು ಬೇರೆ ತುಂಡುಗಳಿಂದ ಒಂದೊಂದು ನೆರೆ ಆರಿಸಿ. ಬೇರೆ ತುಂಡಿನವು, ಅವುಗಳ ನಡುವೆ ಗೆರೆ ಇರದು. ಅವನ್ನು ತೆಗೆದರೂ ತುಂಡುಗಳು ಒಡೆಯುವುದಿಲ್ಲ. ಕಡಲಿಗೆ ಮೂರನೆಯ ನೆರೆಯೊಂದು ಇದೆ, ಅದರ ಮೂಲಕ ನೀರು ಹರಿಯುತ್ತದೆ. Δ ≥ 3 ಅನ್ನುವುದು ಕೆಲಸಕ್ಕೆ ಬರುವುದು ಇಲ್ಲಿ. ಚಕ್ರಕ್ಕೆ ಇಲ್ಲದಿದ್ದದ್ದು ಈ ಮೂರನೆಯ ನೆರೆಯೇ. ಇನ್ನು ಯಾವ ಎರಡು ಚುಕ್ಕಿ ತೆಗೆದರೂ ಗ್ರಾಫ್ ಒಡೆಯುವುದಿಲ್ಲ ಅಂತಾದರೆ ಹುಡುಕಾಟವೇ ಬೇಡ. ಗ್ರಾಫ್ ಪೂರ್ಣವಲ್ಲದ ಕಾರಣ ತಮ್ಮೊಳಗೆ ಗೆರೆ ಇಲ್ಲದ ಎರಡು ನೆರೆಗಳಿರುವ ಒಂದು ಚುಕ್ಕಿ ಎಲ್ಲಾದರೂ ಸಿಗುತ್ತದೆ, ಅದೇ ಕಡಲು.

ಪ್ರಮೇಯವನ್ನು ಬಳಸುವಾಗ ಎಡವುವ ಜಾಗ ಒಂದಿದೆ. "ಒಂದೇ ತುಂಡಾಗಿರುವ ಗ್ರಾಫ್" ಅನ್ನುವ ಮಾತನ್ನು ಮರೆಯಬಾರದು. ನಿಮ್ಮ ಪಟ್ಟಿ ಎರಡು ಮೂರು ತುಂಡಾಗಿ, ನಮ್ಮ ಹೊಳೆಗಳ ನಡುವೆ ದ್ವೀಪವಾಗಿ ನಿಂತ ಕುದ್ರುಗಳ ಹಾಗೆ, ಬೇರೆ ಬೇರೆ ಇರಬಹುದು. ಒಂದು ದೊಡ್ಡ ಕುದ್ರುವಿನಲ್ಲಿ ಹತ್ತು ವಿಷಯ ಮೂರು ದಿನದಲ್ಲಿ ಚೆನ್ನಾಗಿ ಕೂತಿದೆ, ಮೂಲೆಯ ಒಂದು ಸಣ್ಣ ಕುದ್ರುವಿನಲ್ಲಿ ನಾಲ್ಕೇ ವಿಷಯ ಪರಸ್ಪರ ಎಲ್ಲ ತಾಗಿಕೊಂಡಿವೆ ಅಂದ್ರೆ ಇಡೀ ಪಟ್ಟಿಗೆ ನಾಲ್ಕು ದಿನ. ಪರೀಕ್ಷಿಸುವುದು ಸುಲಭ. Δ = 3 ಇದ್ದಾಗ ಅಂಥ ನಾಲ್ಕರ ಗುಂಪಿನ ಪ್ರತಿ ವಿಷಯವೂ ತನ್ನ ಮೂರು ಗೆರೆಗಳನ್ನು ಒಳಗೇ ಖರ್ಚು ಮಾಡಿಕೊಂಡಿರುತ್ತದೆ, ಹೊರಗೆ ಒಂದು ಗೆರೆಯೂ ಹೋಗಲಾರದು. ಹಾಗಾಗಿ ಅದು ಯಾವಾಗಲೂ ಬೇರೆಯೇ ಒಂದು ಕುದ್ರು. ನಾಲ್ಕೇ ಚುಕ್ಕಿಯ ತುಂಡುಗಳನ್ನು ಮಾತ್ರ ನೋಡಿದರೆ ಸಾಕು.

ಇನ್ನೊಂದು ಮಿತಿ ಇದೆ. Δ ಅನ್ನುವುದು ಒಬ್ಬರ ಲೆಕ್ಕದಿಂದಲೇ ದೊಡ್ಡದಾಗಬಹುದು. ಇಂಗ್ಲಿಷ್ ಎಲ್ಲರಿಗೂ ಇರುವ ವಿಷಯ. ಮರುಪರೀಕ್ಷೆಯಲ್ಲಿ ಅದು ಉಳಿದ ಇಪ್ಪತ್ತು ವಿಷಯಕ್ಕೂ ತಾಗಿ, ಆ ಇಪ್ಪತ್ತು ತಮ್ಮೊಳಗೆ ತಾಗದೇ ಇದ್ದರೆ Δ = 20. ಬ್ರೂಕ್ಸ್ ಇಪ್ಪತ್ತು ದಿನ ಸಾಕು ಅನ್ನುತ್ತಾರೆ, ನಿಜವಾಗಿ ಬೇಕಾದದ್ದು ಎರಡೇ: ಒಂದು ದಿನ ಇಂಗ್ಲಿಷ್, ಮರುದಿನ ಉಳಿದದ್ದೆಲ್ಲ. ಪ್ರಮೇಯ ಸುಳ್ಳಲ್ಲ, ಆದರೆ ಅಲ್ಲಿ ಅದರಿಂದ ಉಪಯೋಗ ಇಲ್ಲ. ಎಲ್ಲ ವಿಷಯಗಳ ಡಿಗ್ರಿಯೂ ಹೆಚ್ಚುಕಡಿಮೆ ಒಂದೇ ಇರುವ ಪಟ್ಟಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಪೂರ್ಣ ಗ್ರಾಫನ್ನು ದೂರ ಇಟ್ಟರೆ ಒಂದು ಬಣ್ಣ ಉಳಿಯಿತು. Δ ಚುಕ್ಕಿಗಳ ಪೂರ್ಣ ಗುಂಪನ್ನೂ ದೂರ ಇಟ್ಟರೆ ಇನ್ನೊಂದು ಉಳಿಯಬಹುದಾ? Δ ಒಂಬತ್ತು ಅಥವಾ ಜಾಸ್ತಿ ಇದ್ದರೆ Δ − 1 ಸಾಕು ಅಂತ 1977ರಲ್ಲಿ ಬೊರೊಡಿನ್ ಮತ್ತು ಕೊಸ್ಟೊಚ್ಕಾ ಊಹಿಸಿದರು. 1999ರಲ್ಲಿ ಬ್ರೂಸ್ ರೀಡ್ ಅದನ್ನು Δ ತುಂಬಾ ದೊಡ್ಡದಿರುವ ಗ್ರಾಫ್‌ಗಳಿಗೆ ಸಾಧಿಸಿದರು. ಎಷ್ಟು ದೊಡ್ಡದು ಅಂದ್ರೆ, ಒಂದರ ಮುಂದೆ ಹದಿನಾಲ್ಕು ಸೊನ್ನೆ.

ಆ ವರ್ಷದ ಮರುಪರೀಕ್ಷೆ ಬುಧವಾರಕ್ಕೆ ಮುಗಿಯಿತು. ಮುಂದಿನ ವರ್ಷ ಮತ್ತೆ ಪಟ್ಟಿ ನನ್ನ ಕೈಗೇ ಬಂತು. ಈ ಸಲ ಕೆಲವೇ ಮಕ್ಕಳು, ಕೆಲವೇ ಗೆರೆ, ಎರಡು ದಿನದಲ್ಲಿ ಮುಗಿಯುವ ಹಾಗೆ ಕಾಣುತ್ತಿತ್ತು. ಆಫೀಸಿನವರು ಈ ಸಲವೂ ಕೇಳಿದರು, "ಮೂರು ದಿನ ಸಾಕಲ್ವಾ ಸರ್?" ಹೆಸರುಗಳ ಪಟ್ಟಿಯಲ್ಲಿ ಬೆರಳಾಡಿಸಿದೆ. ಜ್ವರದಲ್ಲಿ ಕೆಲವು ದಿನ ಮಲಗಿದ್ದ ಒಬ್ಬ ಹುಡುಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ನಾಲ್ಕನ್ನೂ ಬರೆಯಬೇಕಿತ್ತು. ಒಬ್ಬಳೇ ಸಾಕು, ನಾಲ್ಕು ಚುಕ್ಕಿ, ಆರು ಗೆರೆ, ಪೂರ್ಣ ಗ್ರಾಫ್. "ಇಲ್ಲ ಮಾರಾಯ್ರೆ, ಈ ಸಲ ನಾಲ್ಕೇ," ಅಂದು ಗುರುವಾರವನ್ನೂ ಸೇರಿಸಿ ನೋಟೀಸ್ ಬರೆದೆ.